ಮೇಲಿಂದ ಕೆಳಕ್ಕೆ: ಒಂದು ಮಾಂಗಾ ಕಾಳಗವನ್ನು ಪುಟವಾಗಿ ಓದುವುದು

(ಗ್ರಂಥಾಲಯವೊಂದರ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದು. ಅಂದು ಪರದೆಯ ಮೇಲೆ ತೋರಿಸಿದ ಪುಟಗಳನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿದೆ.)

‘ನರುಟೊ’ದ ಹತ್ತನೆಯ ಸಂಪುಟ ಓದಿದವರು ಕೈ ಎತ್ತಿ ಎಂದಾಗ ಮುಕ್ಕಾಲು ಪಾಲು ಕೈಗಳು ಮೇಲೆದ್ದವು. ರಾಕ್ ಲೀ ಮತ್ತು ಗಾರಾ ನಡುವಿನ ಕಾಳಗ ಓದಿ ಮುಗಿಸಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದೆ. ಮುಂದಿನ ಸಾಲಿನ ಹುಡುಗನೊಬ್ಬ ಹತ್ತು ನಿಮಿಷ ಎಂದ. ಅವನ ಪಕ್ಕದವನು, ಅಷ್ಟೂ ಬೇಡ ಎಂದ. ಇಬ್ಬರೂ ನಿಜವನ್ನೇ ಹೇಳಿದರು. ಆ ಪುಟಗಳನ್ನು ಮಾಡಿರುವುದೇ ಹಾಗೆ ಓಡಿಸಿಕೊಂಡು ಹೋಗುವುದಕ್ಕೆ. ಆದರೆ ನಾನು ದಿನಪತ್ರಿಕೆಯೊಂದರಲ್ಲಿ ವರ್ಷಗಟ್ಟಲೆ ಪುಟ ಕಟ್ಟಿದವನು. ಯಾವ ಚಿತ್ರ ಮೇಲೆ, ಯಾವುದು ಕೆಳಗೆ, ಯಾವುದನ್ನು ಎರಡು ಕಾಲಂಗೆ ಕತ್ತರಿಸಬೇಕು ಎಂದು ರಾತ್ರಿಯೆಲ್ಲ ಜಗಳವಾಡಿದವನು. ಹೀಗಾಗಿ ನನಗೆ ಕಥೆಗಿಂತ ಮೊದಲು ಪುಟ ಕಾಣುತ್ತದೆ. ಇವತ್ತು ಅದೇ ಕಣ್ಣಿನಿಂದ ಈ ಒಂದೇ ಕಾಳಗವನ್ನು ನೋಡೋಣ.

ಓದದವರಿಗಾಗಿ ಎರಡು ಮಾತು. ಮಾಂಗಾ ಎಂದರೆ ಜಪಾನಿನ ಚಿತ್ರಕಥೆ. ಮಸಾಶಿ ಕಿಶಿಮೊಟೊ ಅವರ ಈ ಮಾಂಗಾ 1999ರಿಂದ 2014ರವರೆಗೆ ‘ವೀಕ್ಲಿ ಷೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಒಟ್ಟು 700 ಅಧ್ಯಾಯ, 72 ಸಂಪುಟ. ನಾವು ನೋಡುತ್ತಿರುವ ಭಾಗದಲ್ಲಿ ಕಿರಿಯ ನಿಂಜಾಗಳಿಗೆ ಪರೀಕ್ಷೆ ನಡೆಯುತ್ತಿದೆ. ಅದರ ಒಂದು ಸುತ್ತಿನಲ್ಲಿ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸುತ್ತಾರೆ. ಲೀಗೆ ಮಾಯಾವಿದ್ಯೆ ಯಾವುದೂ ಬರುವುದಿಲ್ಲ, ಇರುವುದು ಕೈಕಾಲು ಮಾತ್ರ. ಗಾರಾನ ಬೆನ್ನಿನ ಮೇಲೆ ಮರಳು ತುಂಬಿದ ದೊಡ್ಡ ಸೋರೆಬುರುಡೆಯಿದೆ. ಏಟು ಬಂದಾಗಲೆಲ್ಲ ಆ ಮರಳು ತಾನಾಗಿಯೇ ಎದ್ದು ಅಡ್ಡ ನಿಲ್ಲುತ್ತದೆ. ಅವನು ಬೆರಳನ್ನೂ ಅಲುಗಿಸಬೇಕಾಗಿಲ್ಲ.

ಮೊದಲು ಅಂಗಳವನ್ನು ನೋಡಿ. ಮುಚ್ಚಿದ ಸಭಾಂಗಣ. ಎರಡೂ ಬದಿಗೆ ಎತ್ತರದಲ್ಲಿ ಕಟಾಂಜನದ ಮೊಗಸಾಲೆ, ನೋಡುವವರೆಲ್ಲ ಅಲ್ಲಿ. ಒಂದು ಗೋಡೆಗೆ ಮುದ್ರೆ ಹಿಡಿದ ಎರಡು ಕೈಗಳ ಭಾರೀ ಶಿಲ್ಪ. ಮೊದಲ ಸಲ ಓದುವಾಗ ಆ ಶಿಲ್ಪ ಬರೀ ಅಲಂಕಾರವಾಗಿ ಕಾಣುತ್ತದೆ. ಅದರ ನಿಜವಾದ ಕೆಲಸ ಬೇರೆ. ಬಿಡಿಬಿಡಿ ಚೌಕಟ್ಟುಗಳಲ್ಲಿ ಹೊಡೆದಾಟ ಬರೆಯುವವರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಯಾರು ಎಲ್ಲಿ ನಿಂತಿದ್ದಾರೆ ಎಂಬುದು ಮೂರನೆಯ ಚೌಕಟ್ಟಿಗೇ ಓದುಗನಿಗೆ ತಪ್ಪಿಹೋಗುತ್ತದೆ. ಮುಷ್ಟಿ ಯಾರದು, ಮುಖ ಯಾರದು ಎಂದು ಹುಡುಕಲು ಕಣ್ಣು ಹಿಂದಕ್ಕೆ ಹೋಯಿತು ಎಂದರೆ ಆ ಪುಟ ಸೋತಿತು. ಹಿನ್ನೆಲೆಯಲ್ಲಿ ಒಂದು ಗುರುತಿನ ವಸ್ತುವಿದ್ದರೆ ಆ ತೊಂದರೆ ತಪ್ಪುತ್ತದೆ. ಊರಿಗೆ ಹೊಸಬನಾದವನು ದೇವಸ್ಥಾನದ ಗೋಪುರ ನೋಡಿಕೊಂಡು ದಾರಿ ಹಿಡಿಯುವ ಹಾಗೆ ನಾವು ಆ ಕಲ್ಲಿನ ಕೈಗಳನ್ನು ನೋಡಿಕೊಂಡು ಸಭಾಂಗಣದಲ್ಲಿ ಓಡಾಡುತ್ತೇವೆ. ಅದಕ್ಕಿಂತ ಮುಖ್ಯವಾಗಿ, ಅದು ಈ ಅಂಗಳಕ್ಕೆ ಎತ್ತರವನ್ನು ಕೊಡುತ್ತದೆ. ಈ ಕಾಳಗದ ಗುಟ್ಟೆಲ್ಲ ಆ ಎತ್ತರದಲ್ಲಿದೆ.

ಈಗ ಎಲ್ಲರಿಗೂ ನೆನಪಿರುವ ಜಾಗಕ್ಕೆ ಬರೋಣ. ಲೀ ಎಷ್ಟು ಹೊಡೆದರೂ ಮರಳು ದಾರಿ ಬಿಡುತ್ತಿಲ್ಲ. ಅವನು ಶಿಲ್ಪದ ಕೈಗಳ ಮೇಲೆ ಹೋಗಿ ನಿಲ್ಲುತ್ತಾನೆ. ಮೊಗಸಾಲೆಯಿಂದ ಅವನ ಗುರು ಗೈ, ಅದನ್ನು ಕಳಚು ಎಂದು ಕೂಗುತ್ತಾನೆ. ಲೀ ಹಿಂದೆಗೆಯುತ್ತಾನೆ. ಪ್ರೀತಿಪಾತ್ರರಾದ ಹಲವರನ್ನು ಕಾಪಾಡುವಾಗ ಮಾತ್ರ ಎಂದು ನೀವೇ ಹೇಳಿದ್ದಿರಲ್ಲ ಎನ್ನುತ್ತಾನೆ. ನಾನು ಒಪ್ಪಿದ್ದೇನೆ, ಕಳಚು ಎನ್ನುತ್ತಾನೆ ಗುರು. ಹುಡುಗನ ಮುಖ ಅರಳುತ್ತದೆ. ಕುಳಿತು, ಕಾಲಿನ ಪಟ್ಟಿ ಸರಿಸಿ, ಒಳಗೆ ಕಟ್ಟಿಕೊಂಡಿದ್ದ ತೂಕದ ಪಟ್ಟಿಗಳನ್ನು ಬಿಚ್ಚುತ್ತಾನೆ. ನೋಡುವವರಿಗೆ ನಗು, ಇದೆಂಥ ಓಬೀರಾಯನ ಕಾಲದ ಕಸರತ್ತು ಎಂಬ ತಾತ್ಸಾರ. ಅವನು ಅವನ್ನು ಎತ್ತಿ ಹಿಡಿದು ಕೈ ಬಿಡುತ್ತಾನೆ. ಅವು ನೆಲಕ್ಕೆ ಬೀಳುತ್ತವೆ, ಸಭಾಂಗಣವೇ ನಡುಗಿ ಧೂಳು ಏಳುತ್ತದೆ.

ಇಲ್ಲಿ ಪುಟ ಏನು ಮಾಡುತ್ತಿದೆ? ಬೀಳುವ ಮೊದಲು ಓದುಗನ ವೇಗವನ್ನು ತಗ್ಗಿಸುತ್ತಿದೆ. ಗುರು ಶಿಷ್ಯರ ಮಾತು, ಹುಡುಗನ ನಗು, ಕೈಬೆರಳು, ಪಟ್ಟಿ, ನೋಡುವವರ ಮುಖಗಳು. ಒಂದೊಂದೂ ಸಣ್ಣ ಸಂಗತಿ, ಕಥೆ ಮುಂದಕ್ಕೆ ಹೋಗುವುದೇ ಇಲ್ಲ. ಈ ಸಣ್ಣ ಚೌಕಟ್ಟುಗಳ ಸಾಲಿನಲ್ಲಿ ನಮ್ಮ ಉಸಿರು ಸಣ್ಣದಾಗುತ್ತದೆ. ಆಮೇಲೆ ಬರುವ ದೊಡ್ಡ ಚೌಕಟ್ಟಿಗೆ ತನ್ನದೇ ಆದ ಗಾತ್ರವೆಂಬುದಿಲ್ಲ, ಹಿಂದಿನವು ಸಣ್ಣವು ಎಂಬ ಕಾರಣಕ್ಕೇ ಅದು ದೊಡ್ಡದು. ಪತ್ರಿಕೆಯಲ್ಲಿ ನಾವು ಇದನ್ನು ಬೈಸಿಕೊಂಡು ಕಲಿತೆವು. ಪುಟದ ಎಲ್ಲ ತಲೆಬರಹಗಳನ್ನೂ ದಪ್ಪಕ್ಷರದಲ್ಲಿ ಹಾಕಿದ ದಿನ ಯಾವ ಸುದ್ದಿಯೂ ಮುಖ್ಯ ಸುದ್ದಿಯಾಗಿರಲಿಲ್ಲ. ಹೊಸದಾಗಿ ಕಾಳಗ ಬರೆಯುವವರು ಪ್ರತಿ ಏಟಿಗೂ ಅರ್ಧ ಪುಟ ಕೊಡುತ್ತಾರೆ. ನಾಲ್ಕನೆಯ ಏಟಿಗೆ ಓದುಗನಿಗೆ ಏನೂ ಅನ್ನಿಸುವುದಿಲ್ಲ.

ಇನ್ನೊಂದು ಜಾಣತನವಿದೆ. ತೂಕ ಎಷ್ಟು ಎಂದು ಯಾರೂ ಹೇಳುವುದಿಲ್ಲ. ಇಷ್ಟು ಕಿಲೋ ಎಂದು ಬರೆದಿದ್ದರೆ ನಾವು ಅಕ್ಕಿ ಮೂಟೆಯ ಲೆಕ್ಕ ಹಾಕುತ್ತಿದ್ದೆವು. ಬದಲಿಗೆ ಎತ್ತರ ತೋರಿಸುತ್ತಾರೆ, ಬೀಳಿಸುತ್ತಾರೆ, ಧೂಳು ತೋರಿಸುತ್ತಾರೆ, ಈಗಷ್ಟೇ ನಕ್ಕವರ ಮುಖ ತೋರಿಸುತ್ತಾರೆ. ತೂಕ ನಮ್ಮ ಹೊಟ್ಟೆಗೆ ತಿಳಿಯುತ್ತದೆ.

ಅಲ್ಲಿಂದ ಮುಂದಿನದು ವೇಗ. ಕಾಗದದ ಮೇಲಿನ ಚಿತ್ರ ಅಲುಗುವುದಿಲ್ಲ, ವೇಗದ ಗೆರೆಗಳನ್ನು ಎಷ್ಟು ಎಳೆದರೂ ಅವು ಗೆರೆಗಳೇ. ಕಿಶಿಮೊಟೊ ಇಲ್ಲಿ ಗೆರೆಗಳನ್ನಷ್ಟೇ ನೆಚ್ಚಿಕೊಂಡಿಲ್ಲ. ಲೀ ಮಾಯವಾಗುತ್ತಾನೆ. ಹೋಗುವುದು ಇಲ್ಲ, ಬಂದಿರುವುದು ಮಾತ್ರ ಇದೆ. ನಡುವಿನ ಹಾದಿಯನ್ನು ಚೌಕಟ್ಟುಗಳ ನಡುವಿನ ಬಿಳಿ ಸಂದಿ ನುಂಗಿಕೊಂಡಿದೆ. ಆದರೆ ಬರೀ ಮಾಯವಾದರೆ ವೇಗವೋ ಮಂತ್ರವೋ ಗೊತ್ತಾಗುವುದಿಲ್ಲ. ಅಳೆಯಲು ಒಂದು ಕೋಲು ಬೇಕು. ಆ ಕೋಲು ಮರಳು. ಇದುವರೆಗೆ ಎಂದೂ ತಡಮಾಡದ ಮರಳು ಈಗ ಏಟು ಹೋಗಿ ಆದ ಮೇಲೆ ಬಂದು ತಲುಪುತ್ತದೆ. ಒಂದೇ ಚೌಕಟ್ಟಿನಲ್ಲಿ ಲೀಯ ಕೈ ಮುಂದೆ, ಮರಳು ಹಿಂದೆ. ಆ ಎರಡರ ನಡುವಿನ ಅಂತರವೇ ವೇಗ. ಮೊದಲಿನ ಅಷ್ಟೂ ಪುಟಗಳಲ್ಲಿ ಮರಳು ಅಡ್ಡ ಬಂದು ಬಂದು ನಮಗೆ ಬೇಸರವಾಗಿತ್ತಲ್ಲ, ಆ ಬೇಸರ ಬೇಕೆಂದೇ ಬೆಳೆಸಿದ್ದು. ಅಳತೆಗೋಲನ್ನು ಮೊದಲು ನೆಟ್ಟು ಆಮೇಲೆ ಓಡಿಸಿದ್ದಾರೆ.

ಓದುವ ದಿಕ್ಕಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಹಲವರು ಎಡವುವುದು ಇಲ್ಲಿ. ಕನ್ನಡದ ಕಣ್ಣು ಎಡದಿಂದ ಬಲಕ್ಕೆ ಹೊರಟ ಕಣ್ಣು. ಮಾಂಗಾ ಪುಟ ಬಲದ ಮೇಲ್ತುದಿಯಲ್ಲಿ ಆರಂಭವಾಗಿ ಎಡದ ಕೆಳತುದಿಯಲ್ಲಿ ಮುಗಿಯುತ್ತದೆ. ಹೀಗಾಗಿ ಎಡಕ್ಕೆ ಓಡುವವನು ಓದುಗನ ಜೊತೆಗೇ ಓಡುತ್ತಾನೆ, ಬಲಕ್ಕೆ ನುಗ್ಗುವವನು ಓದುಗನಿಗೆ ಎದುರಾಗುತ್ತಾನೆ. ಪುಸ್ತಕ ತೆರೆದಾಗ ಬಲದ ಪುಟ ಮೊದಲು, ಎಡದ ಪುಟ ಆಮೇಲೆ, ಅದರ ನಂತರ ಹಾಳೆ ತಿರುವಬೇಕು. ಆದ್ದರಿಂದ ಎಡಪುಟದ ಕೊನೆಯ ಮೂಲೆಯಲ್ಲಿ ಪ್ರಶ್ನೆ ಇಡುತ್ತಾರೆ, ಹಾಳೆ ತಿರುವಿದೊಡನೆ ಬಲಪುಟದಲ್ಲಿ ಉತ್ತರ. ಈ ತಿರುವಿಗೆ ಜಪಾನಿನಲ್ಲಿ ‘ಮೆಕುರಿ’ ಎನ್ನುತ್ತಾರೆ. ಬೆರಳು ಹಾಳೆಯ ಮೇಲಿರುವ ಅರೆಕ್ಷಣವೂ ಲೇಖಕನ ಲೆಕ್ಕದಲ್ಲಿದೆ. ಮೊಬೈಲಿನಲ್ಲಿ ಒಂದೊಂದೇ ಪುಟ ಸರಿಸುವಾಗ ಈ ಲೆಕ್ಕ ಕೆಡುತ್ತದೆ. ಪ್ರತಿ ಪುಟಕ್ಕೂ ತಿರುವು ಬಂದುಬಿಡುತ್ತದೆ, ಎರಡು ಪುಟ ತುಂಬಿದ ಚಿತ್ರ ನಡುವಿಗೆ ತುಂಡಾಗುತ್ತದೆ. ಫೋನನ್ನು ಅಡ್ಡ ಹಿಡಿದು ಎರಡು ಪುಟ ಒಟ್ಟಿಗೆ ಕಾಣುವಂತೆ ಮಾಡಿಕೊಳ್ಳಿ. ಅಕ್ಷರ ಸಣ್ಣದಾದರೂ ಚಿಂತೆಯಿಲ್ಲ, ಕಾಳಗದಲ್ಲಿ ಅಕ್ಷರ ಕಡಿಮೆ.

ಮತ್ತೆ ಎತ್ತರಕ್ಕೆ ಬರುತ್ತೇನೆ. ತೂಕ ಮೇಲಿಂದ ಕೆಳಕ್ಕೆ ಬಿತ್ತು. ಮುಂದೆ ಲೀ ತನ್ನ ‘ಕಮಲ’ ಎಂಬ ಪಟ್ಟನ್ನು ಹಾಕುತ್ತಾನೆ. ಎದುರಾಳಿಯನ್ನು ಒದ್ದು ಮೇಲಕ್ಕೆ ಚಿಮ್ಮಿಸಿ, ಕೈಪಟ್ಟಿಯಲ್ಲಿ ಸುತ್ತಿ, ಗಿರಗಿರನೆ ತಿರುಗಿಸುತ್ತ ತಲೆಕೆಳಗಾಗಿ ನೆಲಕ್ಕೆ ಅಪ್ಪಳಿಸುವುದು. ಅದೂ ಮೇಲಿಂದ ಕೆಳಕ್ಕೆ. ಅದು ಗಾರಾನಿಗೆ ತಾಗಲಿಲ್ಲ, ಪಟ್ಟಿಯೊಳಗೆ ಸಿಕ್ಕಿದ್ದು ಮರಳಿನ ಚಿಪ್ಪು ಮಾತ್ರ. ಕೊನೆಗೆ ದೇಹದೊಳಗೆ ಶಕ್ತಿಯನ್ನು ತಡೆದಿಡುವ ಎಂಟು ದ್ವಾರಗಳಲ್ಲಿ ಐದನ್ನು ತೆರೆದು ಹಾಕುವ ಎರಡನೆಯ ಕಮಲವೂ ಹಾಗೆಯೇ. ಮೇಲಕ್ಕೆ ಎತ್ತಿ, ಗಾಳಿಯಲ್ಲೇ ಅತ್ತಿತ್ತ ಬಡಿದು, ಪಟ್ಟಿಯಿಂದ ಹತ್ತಿರಕ್ಕೆ ಎಳೆದು, ಕೆಳಕ್ಕೆ ಹೊಡೆಯುವುದು. ಮಾಂಗಾ ಪುಟ ಅಗಲಕ್ಕಿಂತ ಎತ್ತರ ಹೆಚ್ಚಿರುವ ಪುಟ. ಬೀಳುವುದಕ್ಕೆ ಅಲ್ಲಿ ಜಾಗ ಧಾರಾಳ, ಉದ್ದುದ್ದ ಚೌಕಟ್ಟಿನಲ್ಲಿ ಕಣ್ಣು ತಾನೇ ಜಾರುತ್ತದೆ. ಲೀ ಪುಟದ ಉದ್ದವನ್ನು ಬಳಸುವವನು.

ಗಾರಾ ಹಾಗಲ್ಲ. ಅವನು ನಿಂತಲ್ಲೇ ನಿಂತವನು, ಅವನ ಮರಳು ನೆಲದ ಮೇಲೆ ಹರಡುವಂಥದ್ದು, ತೆವಳುವಂಥದ್ದು. ಅಂತ್ಯದಲ್ಲಿ ನೆಲಕ್ಕೆ ಬಿದ್ದ ಗಾರಾ ಸಾಯಲಿಲ್ಲ, ಬೆನ್ನಿನ ಬುರುಡೆಯೇ ಮರಳಾಗಿ ಹಾಸಿಗೆಯಂತೆ ಅವನನ್ನು ತಾಳಿಕೊಂಡಿತು. ಅವನು ಮಲಗಿದಲ್ಲಿಂದಲೇ ಕೈ ಚಾಚುತ್ತಾನೆ. ಮರಳು ಅಡ್ಡಡ್ಡ ಹರಿದು ಬಂದು, ಶಕ್ತಿಯೆಲ್ಲ ಸೋರಿಹೋಗಿ ತೆವಳುತ್ತಿರುವ ಲೀಯ ಎಡಗೈ ಎಡಗಾಲನ್ನು ಹಿಡಿದು ಹಿಸುಕುತ್ತದೆ. ಈ ಕಾಳಗ ಮುಗಿಯುವುದು ಎತ್ತರದಿಂದ ಅಲ್ಲ, ಅಡ್ಡದಿಂದ. ಲಂಬ ಗೆರೆಯನ್ನು ಅಡ್ಡ ಗೆರೆ ಗೆದ್ದಿತು. ಲೇಖಕರು ಹೀಗೆಂದು ಯೋಚಿಸಿಯೇ ಬರೆದರೋ ಎಂದು ನೀವು ಕೇಳಬಹುದು. ಕೈಗೆ ಹದ ಹತ್ತಿದವನಿಗೆ ಪ್ರತಿಯೊಂದನ್ನೂ ಯೋಚಿಸಬೇಕಾಗಿ ಬರುವುದಿಲ್ಲ. ನನಗೆ ಕಾಣುವುದು ಪುಟದ ಮೇಲೆ ಇರುವುದು.

ಇನ್ನು ಅಧ್ಯಾಯದ ಕೊನೆಗಳು. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದವರಿಗೆ ಕಂಸದೊಳಗಿನ ‘ಸಶೇಷ’ ಎಂಬ ಪದದ ಸಂಕಟ ಹೇಳಿಕೊಡಬೇಕಾಗಿಲ್ಲ. ಜಪಾನಿನವರು ಅಧ್ಯಾಯದ ಕೊನೆಯ ಆ ಕೊಕ್ಕೆಗೆ ‘ಹಿಕಿ’ ಎನ್ನುತ್ತಾರೆ, ಎಳೆತ ಎಂದು ಅರ್ಥ. ವಾರಕ್ಕೊಂದು ಅಧ್ಯಾಯ, ಇಪ್ಪತ್ತು ಪುಟದ ಒಳಗೆ. ಈ ಕಾಳಗ ಒಂಬತ್ತನೆಯ ಸಂಪುಟದ ಕೊನೆಗೆ ಆರಂಭವಾಗಿ ಹತ್ತನೆಯದರೊಳಗೆ ಹರಿದು, ಒಟ್ಟು ಆರು ಅಧ್ಯಾಯಗಳ ಆಸುಪಾಸು ನಡೆಯುತ್ತದೆ. ಅಂದರೆ ಅಂದಿನ ಓದುಗ ಸುಮಾರು ಒಂದೂವರೆ ತಿಂಗಳು ಕಾದಿದ್ದಾನೆ. ನಮ್ಮ ಹುಡುಗ ಹತ್ತು ನಿಮಿಷದಲ್ಲಿ ಮುಗಿಸಿದ್ದಾನೆ.

ಏಳು ದಿನದ ಕಾಯುವಿಕೆಗೆಂದು ಮಾಡಿದ ಕೊಕ್ಕೆ, ಸಂಪುಟದಲ್ಲಿ ಒಂದು ಹಾಳೆ ತಿರುವಿದರೆ ಬಿಚ್ಚಿಕೊಳ್ಳುತ್ತದೆ. ಹಾಗಾದರೆ ಅದು ಕೆಲಸ ಕಳೆದುಕೊಂಡಿತೇ? ಎಲ್ಲ ಕೊಕ್ಕೆಗಳೂ ಒಂದೇ ಬಗೆಯವಲ್ಲ. ಬರೀ ಮರೆಮಾಚುವ ಕೊಕ್ಕೆಯಿದೆ. ಧೂಳು ಎದ್ದಿತು, ಒಳಗೆ ಯಾರು ನಿಂತಿದ್ದಾರೆ ಎಂಬಂಥದ್ದು. ಸಂಪುಟದಲ್ಲಿ ಓದುವಾಗ ಇದು ಬೇಗ ಸವೆಯುತ್ತದೆ, ಮೂರು ಅಧ್ಯಾಯ ಒಟ್ಟಿಗೆ ಓದಿದರೆ ಮೂರೂ ಧೂಳು ಒಂದೇ ಧೂಳು. ಇನ್ನೊಂದು, ಮಾತು ಕೊಡುವ ಕೊಕ್ಕೆ. ಮೊದಲ ಕಮಲ ವ್ಯರ್ಥವಾಗಿ, ಲೀ ನಿಲ್ಲಲೂ ಆಗದೆ ಮರಳಿನ ಏಟು ತಿನ್ನುತ್ತಿರುವಾಗ ಅವನ ಊರಿನ ಹೆಸರು ಹೊತ್ತ ಒಂದು ಸಾಲು ಬರುತ್ತದೆ: ಎಲೆಯೂರಿನ ಕಮಲ ಎರಡು ಬಾರಿ ಅರಳುತ್ತದೆ. ಇದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಏನಾಗಲಿದೆ ಎಂದು ಹೇಳಿಯೇ ಬಿಟ್ಟಿದ್ದಾರೆ, ಹೇಗೆ ಮತ್ತು ಯಾವ ಬೆಲೆಗೆ ಎಂಬುದು ಮಾತ್ರ ಉಳಿದಿದೆ. ಇಂಥದ್ದು ಎಂಟನೆಯ ಓದಿಗೂ ಸವೆಯುವುದಿಲ್ಲ. ಅಧ್ಯಾಯದ ಕೊನೆಯಲ್ಲಿ ಎದ್ದ ಕುತೂಹಲ ಉತ್ತರ ಸಿಕ್ಕೊಡನೆ ಸತ್ತಿತೋ, ಉತ್ತರ ಸಿಕ್ಕ ಮೇಲೂ ಬೆಳೆಯಿತೋ ಎಂದು ನೋಡಿಕೊಂಡರೆ ಎರಡನ್ನೂ ಬೇರೆ ಮಾಡಬಹುದು.

ಆ ಬೆಲೆಯನ್ನು ತಿಳಿಸುವ ಹೊಣೆ ಮೊಗಸಾಲೆಯವರದು. ದ್ವಾರಗಳ ವಿಷಯವನ್ನು ಗೈ ವಿವರಿಸುತ್ತಾನೆ, ಇಷ್ಟು ಚಿಕ್ಕ ಹುಡುಗನಿಗೆ ಇದನ್ನು ಕಲಿಸಿದೆಯಲ್ಲ ಎಂದು ಇನ್ನೊಬ್ಬ ಗುರು ಕಕಾಶಿ ಅವನ ಮೇಲೆ ರೇಗುತ್ತಾನೆ. ಇದಕ್ಕೂ ಮೊದಲು ಲೀಯ ಹಿಂದಿನ ದಿನಗಳ ನೆನಪು ಬರುತ್ತದೆ. ಮಾಂಗಾದಲ್ಲಿ ನೆನಪು ಬಂದಾಗ ಚೌಕಟ್ಟುಗಳ ಸುತ್ತಲಿನ ಬಿಳಿಯನ್ನು ಕಪ್ಪು ಮಾಡುವುದು ರೂಢಿ. ಪುಸ್ತಕವನ್ನು ಮುಚ್ಚಿ ಪಕ್ಕದಿಂದ ನೋಡಿ, ಹಾಳೆಗಳ ಅಂಚಿನಲ್ಲಿ ಕಪ್ಪು ಪಟ್ಟೆ ಕಾಣುತ್ತದೆ, ನೆನಪು ಎಲ್ಲೆಲ್ಲಿದೆ ಎಂದು ಓದದೆಯೇ ಹೇಳಬಹುದು. ಅವಸರದ ಓದುಗರು ಈ ಮಾತಿನ ಪುಟಗಳನ್ನು ಹಾರಿಸುತ್ತಾರೆ, ಹೊಡೆದಾಟ ನಿಂತುಹೋಯಿತು ಎಂದು ಗೊಣಗುತ್ತಾರೆ. ಗೊಣಗಾಟದಲ್ಲಿ ಅರ್ಧ ಸತ್ಯವಿದೆ. ಈ ಮಾಂಗಾದ ಮುಂದಿನ ಸಂಪುಟಗಳಲ್ಲಿ ವಿವರಣೆ ಅತಿಯಾಗಿ, ಕಾಳಗ ಪಾಠಪಟ್ಟಿಯಂತಾದ ಜಾಗಗಳಿವೆ, ನಾನೂ ಹಾರಿಸಿದ್ದೇನೆ. ಆದರೆ ಇಲ್ಲಿ ವಿವರಣೆ ಗೆಲ್ಲುವ ಉಪಾಯದ್ದಲ್ಲ, ತೆರಬೇಕಾದ ದಂಡದ್ದು. ಮೂರನೆಯ ದ್ವಾರ, ನಾಲ್ಕನೆಯದು, ಐದನೆಯದು ಎಂದು ಎಣಿಕೆ ಏರುವಾಗ ಪ್ರತಿ ಅಂಕಿಯೂ ಲೀಯ ಮೈಮೇಲೆ ಬರೆದ ಸಾಲ. ಆ ಪುಟಗಳನ್ನು ಹಾರಿಸಿದವನಿಗೆ ಎರಡನೆಯ ಕಮಲ ಬರೀ ದೊಡ್ಡ ಏಟಾಗಿ ಉಳಿಯುತ್ತದೆ.

ಕೊನೆಯ ಪುಟಗಳು. ಗುರು ನಡುವೆ ಬಂದು ಮರಳನ್ನು ತಡೆದಿದ್ದಾನೆ, ಕಾಳಗ ಮುಗಿದಿದೆ. ಯಾಕೆ ಕಾಪಾಡಿದೆ ಎಂದು ಗಾರಾ ಕೇಳುತ್ತಾನೆ. ಉತ್ತರ ಕೇಳಿ ಹೊರಟಿದ್ದಾನೆ. ಆಗ ಲೀ ಎದ್ದು ನಿಲ್ಲುತ್ತಾನೆ. ಒಂದು ಕಾಲು ಒಂದು ಕೈ ಪುಡಿಯಾಗಿವೆ, ಆದರೂ ಹೋರಾಟದ ಭಂಗಿ. ಸಾಕು, ಮುಗಿಯಿತು ಎನ್ನುತ್ತ ಹತ್ತಿರ ಬಂದ ಗೈಗೆ ಗೊತ್ತಾಗುತ್ತದೆ, ಹುಡುಗನಿಗೆ ಪ್ರಜ್ಞೆಯೇ ಇಲ್ಲ. ಅಪ್ಪಿಕೊಂಡು ಅಳುತ್ತಾನೆ, ನೀನು ಆಗಲೇ ಒಬ್ಬ ಶ್ರೇಷ್ಠ ನಿಂಜಾ ಎನ್ನುತ್ತಾನೆ. ಹತ್ತನೆಯ ಸಂಪುಟದ ಹೆಸರು ಬಂದದ್ದು ಆ ಮಾತಿನಿಂದ. ನಾನು ಹೇಳುತ್ತಿದ್ದ ಲಂಬ ಗೆರೆಯನ್ನು ಈಗ ಮತ್ತೆ ನೋಡಿ. ಅಡ್ಡಲಾಗಿ ಬಿದ್ದವನು ಎದ್ದಿದ್ದಾನೆ. ಆದರೆ ಈ ಸಲ ಮೇಲಿಂದ ಏನೂ ಬೀಳುವುದಿಲ್ಲ, ಸದ್ದಿನ ದೊಡ್ಡ ಅಕ್ಷರಗಳಿಲ್ಲ. ಇಡೀ ಕಾಳಗದಲ್ಲಿ ನಾವು ಅತಿ ನಿಧಾನವಾಗಿ ಓದುವ ಜಾಗ ಇದು, ಇಲ್ಲಿ ಯಾರೂ ಯಾರಿಗೂ ಹೊಡೆಯುತ್ತಿಲ್ಲ.

ಪ್ರಶ್ನೋತ್ತರದಲ್ಲಿ ಒಬ್ಬ ಹುಡುಗಿ, ಅನಿಮೆಯಲ್ಲಿ ಇದೆಲ್ಲ ಇನ್ನೂ ಚೆನ್ನಾಗಿದೆಯಲ್ಲ ಸರ್ ಎಂದಳು. ತೂಕ ಬೀಳುವ ದೃಶ್ಯ ಟಿವಿಯ ಆ ಅನಿಮೇಷನ್‌ನಲ್ಲಿ ನಿಜಕ್ಕೂ ಸೊಗಸಾಗಿದೆ, ಸಂಗೀತವೂ ಇದೆ. ಆದರೆ ಅಲ್ಲಿ ತೂಕ ಎಷ್ಟು ಹೊತ್ತು ಬೀಳಬೇಕು ಎಂಬುದು ನಿರ್ದೇಶಕರ ಕೈಯಲ್ಲಿದೆ. ಪುಟದಲ್ಲಿ ಬೀಳಿಸುವವಳು ನೀನೇ ಎಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಕಾರ್ಯಕ್ರಮದ ಮೊದಲೇ ಎಲ್ಲರಿಗೂ ಎದುರುಬದುರಿನ ಎರಡು ಪುಟ, ಅದರ ಹಿಂಬದಿಯ ಒಂದು ಪುಟ ಬರುವಂತೆ ಮಡಚಿದ ಬಿಳಿ ಹಾಳೆ ಕೊಟ್ಟಿದ್ದೆ. ತೂಕ ಬೀಳುವ ದೃಶ್ಯವನ್ನು ಪುಸ್ತಕ ನೋಡದೆ, ಏಳು ಚೌಕಟ್ಟಿನೊಳಗೆ, ಕಡ್ಡಿ ಮನುಷ್ಯರಲ್ಲಿ ಗೀಚಿ ಎಂದಿದ್ದೆ. ಜಪಾನಿನಲ್ಲಿ ಮಾಂಗಾ ಬರೆಯುವವರು ಮೊದಲು ಹೀಗೆಯೇ ಕಚ್ಚಾ ನಕ್ಷೆ ಹಾಕುತ್ತಾರೆ, ಅದನ್ನು ‘ನೇಮು’ ಎನ್ನುತ್ತಾರೆ. ಹೆಚ್ಚಿನವರು ಎರಡನೆಯ ಚೌಕಟ್ಟಿನಲ್ಲೇ ತೂಕ ಬೀಳಿಸಿ, ಉಳಿದ ಐದರಲ್ಲಿ ಏನು ಮಾಡುವುದೆಂದು ತಿಳಿಯದೆ ಒದ್ದಾಡಿದ್ದರು. ಹತ್ತು ನಿಮಿಷ ಎಂದಿದ್ದ ಆ ಹುಡುಗ ಮಾತ್ರ ಹೊರಡುವ ಹೊತ್ತಿಗೆ ಹಾಳೆ ತಂದು ತೋರಿಸಿದ. ಮಾತು, ನಗು, ಬೆರಳು, ಪಟ್ಟಿ, ನಗುವ ಜನ. ಎಡಪುಟದ ಕೊನೆಯ ಮೂಲೆಯ ಆರನೆಯ ಚೌಕಟ್ಟಿನಲ್ಲಿ ಬಿಚ್ಚಿದ ಎರಡು ಅಂಗೈ, ಅಷ್ಟೇ. ಹಾಳೆ ತಿರುವಿದೆ. ಹಿಂಬದಿಯ ಪುಟ ಪೂರ್ತಿ ಖಾಲಿಯಿತ್ತು. ಧೂಳು ಬರೆಯಲು ಬರಲಿಲ್ಲ ಸರ್ ಎಂದ.